ಆರು ಲಕ್ಷದ ಆಫರ್, ಎಂಟು ಸಾವಿರದ ಖೋತಾ: ಸಾಗರದ ಶಿಕ್ಷಕಿಯೊಬ್ಬರ ಬೆಂಗಳೂರು ಲೆಕ್ಕ

ಶಿವಮೊಗ್ಗ ಜಿಲ್ಲೆಯ ಸಾಗರ. ಅನುದಾನರಹಿತ ಖಾಸಗಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ, ವಯಸ್ಸು 34, ಬಿ.ಎಸ್ಸಿ., ಬಿ.ಎಡ್. ಅದೇ ಶಾಲೆಯಲ್ಲಿ 2016ರ ಜೂನ್‌ನಿಂದ ಪಾಠ ಮಾಡುತ್ತಿದ್ದಾರೆ. ಗಂಡನದು ಪಂಪ್‌ಸೆಟ್ ರಿಪೇರಿ ಮತ್ತು ಬಿಡಿಭಾಗಗಳ ಅಂಗಡಿ. ಮಗಳು ಅಮ್ಮನ ಶಾಲೆಯಲ್ಲೇ ಮೂರನೇ ತರಗತಿ, ಸಿಬ್ಬಂದಿ ಮಕ್ಕಳಿಗೆ ಅಲ್ಲಿ ಅರ್ಧ ಫೀಸು. ಮನೆ ಸ್ವಂತದ್ದು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಅತ್ತೆ ಇದ್ದಾರೆ. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಇವರಿಗೆ ಕೆಲಸ ಕೊಡಲು ಮುಂದೆ ಬಂತು. ಅಲ್ಲಿ ಬ್ಯಾಂಕು, ವಿಮೆ, ಆಸ್ಪತ್ರೆಗಳ ಸಿಬ್ಬಂದಿಗೆ ಕಂಪ್ಯೂಟರಿನಲ್ಲೇ ಕಲಿಯುವ ಪಾಠಗಳನ್ನು ತಯಾರಿಸುತ್ತಾರೆ. ಹುದ್ದೆಯ ಹೆಸರು ಅಸೋಸಿಯೇಟ್ ಇನ್‌ಸ್ಟ್ರಕ್ಷನಲ್ ಡಿಸೈನರ್, ಸಿಟಿಸಿ ವರ್ಷಕ್ಕೆ 6 ಲಕ್ಷ, 30 ದಿನದೊಳಗೆ ಸೇರಬೇಕು.

ಇದು ಇಂಥದ್ದೇ ಹಿನ್ನೆಲೆಯ ಹಲವರ ಲೆಕ್ಕ, ಕಾಗದಪತ್ರ, ತಪ್ಪುಗಳನ್ನು ಕೂಡಿಸಿ ಕಟ್ಟಿದ ಪ್ರಕರಣ. ಸಂಬಳ, ಬಾಡಿಗೆ, ಖರ್ಚಿನ ಅಂಕಿಗಳು ಈ ಒಂದು ಮನೆಗೆ ಸಂಬಂಧಿಸಿದವು. ಕಾಯ್ದೆ, ಪಿಎಫ್, ತೆರಿಗೆಯ ನಿಯಮಗಳು ಎಲ್ಲರಿಗೂ ಒಂದೇ.

ಮನೆಯಲ್ಲಿ ಮೊದಲು ಓಡಿದ ಲೆಕ್ಕ ಸರಳವಾಗಿತ್ತು. ಈಗ ತಿಂಗಳಿಗೆ 24 ಸಾವಿರ, ಅಲ್ಲಿ ಆರು ಲಕ್ಷ ಭಾಗಿಸು ಹನ್ನೆರಡು, ಅಂದರೆ 50 ಸಾವಿರ. ದುಪ್ಪಟ್ಟಿಗಿಂತ ಜಾಸ್ತಿ. ಈ ಭಾಗಾಕಾರದಲ್ಲೇ ತಪ್ಪಿದೆ. ಸಿಟಿಸಿ ಎಂದರೆ ಸಂಬಳವಲ್ಲ. ಒಬ್ಬ ನೌಕರನಿಗೆ ಕಂಪನಿ ಒಟ್ಟು ಎಷ್ಟು ತೆಗೆದಿಡುತ್ತದೆ ಎಂಬ ಮೊತ್ತ ಅದು. ಆಫರ್ ಪತ್ರದ ಎರಡನೇ ಪುಟದ ಪಟ್ಟಿಯನ್ನು ಒಂದೊಂದೇ ಸಾಲು ಓದಿದರೆ ಹಣ ಎಲ್ಲೆಲ್ಲಿ ಸೋರುತ್ತದೆ ಎಂಬುದು ಕಾಣುತ್ತದೆ.

ಆರು ಲಕ್ಷದಲ್ಲಿ ಶೇ 10, ಅಂದರೆ 60 ಸಾವಿರ, ‘ವೇರಿಯಬಲ್’. ವರ್ಷಾಂತ್ಯದ ಮೌಲ್ಯಮಾಪನದ ಮೇಲೆ ಬರುವ ಹಣ ಅದು. ಬಂದರೂ ಬರಬಹುದು, ಅರ್ಧವೂ ಬರಬಹುದು. ಮನೆ ನಡೆಸುವ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಬೇಕು. ಉಳಿದದ್ದು ತಿಂಗಳಿಗೆ 45,000. ಇದರಿಂದ ಕಂಪನಿಯ ಪಾಲಿನ ಪಿಎಫ್ 1,800, ಗುಂಪು ವಿಮೆಯ ಕಂತು 598, ಗ್ರಾಚ್ಯುಟಿಗೆಂದು ಮೂಲ ವೇತನದ ಶೇ 4.81. ಮೂಲ ವೇತನ 25,000 ಆದ್ದರಿಂದ ಇದು 1,202. ಐದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ ಈ ಗ್ರಾಚ್ಯುಟಿ ಕೈಗೆ ಬರುವುದಿಲ್ಲ, ಆದರೂ ಅದು ‘ನಿಮ್ಮ ಪ್ಯಾಕೇಜ್’ನ ಒಳಗೇ ಕೂತಿರುತ್ತದೆ. ಇವನ್ನೆಲ್ಲ ಕಳೆದರೆ 41,400. ಅದರಿಂದ ನೌಕರರ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200. ಆದಾಯ ತೆರಿಗೆ ಈ ಮಟ್ಟಕ್ಕೆ ಹೊಸ ಪದ್ಧತಿಯಲ್ಲಿ ಬರುವುದಿಲ್ಲ. ಕೈಗೆ 39,400.

ಇದನ್ನು ಹೋಲಿಸಬೇಕಾದದ್ದು 24 ಸಾವಿರದ ಜೊತೆಗಲ್ಲ. ಶಾಲೆಯಿಂದ ಕೈಗೆ ಬರುವುದು 22,200, ಏಕೆಂದರೆ ಅಲ್ಲೂ ಪಿಎಫ್ ಕಡಿತ 1,800 ಇದೆ. ಜೊತೆಗೆ ಸಂಜೆ ಟ್ಯೂಷನ್‌ಗೆ ಎಂಟು ಮಕ್ಕಳು, ತಲಾ 700, ವರ್ಷದಲ್ಲಿ ಹತ್ತು ತಿಂಗಳು. ಸರಾಸರಿ ತಿಂಗಳಿಗೆ 4,700 ಹಿಡಿಯಬಹುದು. (ಆರ್‌ಟಿಇ ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಎನ್ನುತ್ತದೆ. ಸಣ್ಣ ಊರುಗಳಲ್ಲಿ ಅದನ್ನು ಯಾರೂ ಕೇಳುವುದಿಲ್ಲವಾದರೂ, ಈ ಆದಾಯ ಯಾರಾದರೂ ಒಂದು ದೂರು ಕೊಟ್ಟರೆ ನಿಲ್ಲುವಂಥದ್ದು ಎಂಬುದು ನೆನಪಿರಲಿ.) ಒಟ್ಟು 26,900.

ಇನ್ನು ಖರ್ಚು. ಇಡೀ ಸಂಸಾರ ಬೆಂಗಳೂರಿಗೆ ಹೋಗುವ ದಾರಿಯನ್ನು ಒಂದೇ ಸಂಜೆಯಲ್ಲಿ ಕೈಬಿಡಲಾಯಿತು. ಎರಡು ಕೋಣೆಯ ಮನೆಗೆ 20 ಸಾವಿರ ಬಾಡಿಗೆ, ಆರು ತಿಂಗಳ ಅಡ್ವಾನ್ಸು, ಮಗುವಿನ ಹೊಸ ಶಾಲೆಯ ಸೇರ್ಪಡೆ ಶುಲ್ಕ, ಅದರ ಮೇಲೆ ಗಂಡನ ಅಂಗಡಿಗೆ ಬೀಗ. ಅಡಿಕೆ ತೋಟಗಳ ಮೋಟಾರು ಬೆಂಗಳೂರಿನಲ್ಲಿ ಕೆಡುವುದಿಲ್ಲ. ಉಳಿದ ದಾರಿ ಶಿಕ್ಷಕಿಯೊಬ್ಬರೇ ಪಿಜಿಯಲ್ಲಿ ಇದ್ದು, ತಿಂಗಳಿಗೆ ಎರಡು ಸಲ ಊರಿಗೆ ಬರುವುದು.

ಇಬ್ಬರ ಕೋಣೆಯ ಪಿಜಿಗೆ ಊಟ ಸೇರಿ 9,500. ವಾರದ ದಿನಗಳ ಮಧ್ಯಾಹ್ನದ ಊಟ ಮತ್ತು ಪಿಜಿಯಲ್ಲಿ ಅಡುಗೆ ಇಲ್ಲದ ಭಾನುವಾರ ರಾತ್ರಿಗಳಿಗೆ 3,000. ಫೋನು, ಔಷಧಿ, ಇತರೆ 2,000. ಊರಿನ ಓಡಾಟದಲ್ಲಿ ಶಕ್ತಿ ಯೋಜನೆ ದೊಡ್ಡ ಉಳಿತಾಯ ಎಂದು ಮೊದಲು ಅನ್ನಿಸಿತ್ತು. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಬೆಂಗಳೂರಿನ ಒಳಗಿನ ದಿನನಿತ್ಯದ ಪ್ರಯಾಣಕ್ಕೆ ಅದು ನಿಜ ಕೂಡ: ಬಿಎಂಟಿಸಿ ಸಾಮಾನ್ಯ ಬಸ್ಸಿಗೆ ಶೂನ್ಯ ಟಿಕೆಟ್, ಎಸಿ ಬಸ್ಸಿಗೂ ಮೆಟ್ರೊಗೂ ಮಾತ್ರ ದುಡ್ಡು. ಆದರೆ ಸಾಗರಕ್ಕೆ ಸುಮಾರು 350 ಕಿಲೋಮೀಟರ್. ಭಾನುವಾರ ರಾತ್ರಿಯಿಡೀ ಕೆಂಪು ಬಸ್ಸಿನಲ್ಲಿ ಕೂತು ಸೋಮವಾರ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆಯುವುದು ಒಂದೆರಡು ಸಲ ಮಾತ್ರ ಸಾಧ್ಯ. ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲಿನ ಸ್ಲೀಪರ್ ಅಗ್ಗ, ಆದರೆ ವಾರಾಂತ್ಯದ ಟಿಕೆಟು ವಾರಗಟ್ಟಲೆ ಮೊದಲೇ ಮುಗಿದಿರುತ್ತದೆ. ಹಾಗಾಗಿ ಸ್ಲೀಪರ್ ಬಸ್ಸನ್ನೇ ಲೆಕ್ಕಕ್ಕೆ ಹಿಡಿದು ನಾಲ್ಕು ಪ್ರಯಾಣಕ್ಕೆ 3,200. ಬೆಂಗಳೂರಿನ ಖರ್ಚು ಒಟ್ಟು 17,700.

ಎಲ್ಲರೂ ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಊರಿನ ಮನೆಯಲ್ಲೂ ಹೊಸ ಖರ್ಚು ಹುಟ್ಟುತ್ತದೆ. ಮಗಳನ್ನು ಶಾಲೆಯಿಂದ ಕರೆತಂದು ಸಂಜೆವರೆಗೆ ನೋಡಿಕೊಂಡು, ಅತ್ತೆಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವವರಿಗೆ 4,500. ಅರ್ಧ ಫೀಸಿನ ಸೌಲಭ್ಯ ಹೋಗುತ್ತದೆ, ಅದು ವರ್ಷಕ್ಕೆ 14,400, ಅಂದರೆ ತಿಂಗಳಿಗೆ 1,200. ಒಬ್ಬರು ಮನೆಯಲ್ಲಿ ಇಲ್ಲದ್ದರಿಂದ ಊಟ, ಸ್ಕೂಟರಿನ ಪೆಟ್ರೋಲು ಎಂದು 2,500 ಉಳಿಯುತ್ತದೆ.

39,400ರಲ್ಲಿ ಬೆಂಗಳೂರಿನ 17,700, ಊರಿನ 5,700 ಕಳೆದು, ಉಳಿತಾಯದ 2,500 ಕೂಡಿಸಿದರೆ 18,500. ಈಗಿನ 26,900ಕ್ಕಿಂತ 8,400 ಕಡಿಮೆ. ದುಪ್ಪಟ್ಟು ಎಂದುಕೊಂಡಿದ್ದ ಸಂಬಳದಲ್ಲಿ ಮನೆಗೆ ತಿಂಗಳಿಗೆ ಎಂಟು ಸಾವಿರದ ಖೋತಾ.

ಈ ಅಂಕಿ ಕಂಡೊಡನೆ ‘ಬೇಡ’ ಎಂದುಬಿಡುವುದು ಎಷ್ಟು ಅವಸರವೋ, ಅದನ್ನು ನೋಡದೆ ಹೊರಡುವುದೂ ಅಷ್ಟೇ ಅವಸರ. ಅನುದಾನರಹಿತ ಶಾಲೆಯಲ್ಲಿ ಈಕೆಗೆ ಎಂಟು ವರ್ಷದಲ್ಲಿ ಸಂಬಳ 12 ಸಾವಿರದಿಂದ 24 ಸಾವಿರಕ್ಕೆ ಬಂದಿದೆ. ಮುಂದೆ ವರ್ಷಕ್ಕೆ ಒಂದು ಸಾವಿರ ಏರಿದರೆ ಪುಣ್ಯ. ಹೊಸ ವೃತ್ತಿಯಲ್ಲಿ ಕೆಲಸ ಬಂದವರಿಗೆ ಏರಿಕೆ ಬೇರೆ ರೀತಿಯದು, ಕೆಲಸ ಬಾರದವರಿಗೆ ಪ್ರೊಬೇಷನ್‌ನಲ್ಲೇ ಬಾಗಿಲು. 2022ರ ನಂತರ ಬೆಂಗಳೂರಿನ ಎಡ್‌ಟೆಕ್ ಕಂಪನಿಗಳಿಂದ ಸಾವಿರಾರು ಜನ ಹೊರಬಿದ್ದಾಗ ಅವರಲ್ಲಿ ಶಾಲೆ ಬಿಟ್ಟು ಬಂದ ಶಿಕ್ಷಕರೂ ಇದ್ದರು. ಆದ್ದರಿಂದ ನಿಜವಾದ ಪ್ರಶ್ನೆ ಊರೋ ಬೆಂಗಳೂರೋ ಎಂಬುದಲ್ಲ. ಈ ಕೆಲಸ ಈಕೆಗೆ ಬರುತ್ತದೆಯೋ ಇಲ್ಲವೋ ಎಂಬುದು. ಅದನ್ನು ರಾಜೀನಾಮೆ ಕೊಡದೆ, ಊರಿನಲ್ಲಿದ್ದುಕೊಂಡೇ ಪರೀಕ್ಷಿಸಿ ನೋಡಬಹುದಿತ್ತು.

ಸಮಸಮ ಆಗಲು ಎಷ್ಟು ಬೇಕು ಎಂಬ ಅಂಕಿಯನ್ನೂ ಆಗಲೇ ಬರೆದಿಟ್ಟುಕೊಳ್ಳಲಾಯಿತು. ಕೈಗೆ 47,800 ಬರಬೇಕು. ಇದೇ ರೀತಿ ಕಡಿತಗಳಿದ್ದರೆ ಅದಕ್ಕೆ ಸಿಟಿಸಿ ಸುಮಾರು 7.15 ಲಕ್ಷ ಇರಬೇಕು.

ಕಂಪನಿಗೆ ಹೋದ ಉತ್ತರ ಹೀಗಿತ್ತು: ನಡುವರ್ಷದಲ್ಲಿ ಎಸ್ಸೆಸ್ಸೆಲ್ಸಿ ತರಗತಿ ಬಿಟ್ಟು ಬರಲಾಗದು, ಏಪ್ರಿಲ್ ಮಧ್ಯದ ನಂತರ ಬರಬಹುದು, ಅಲ್ಲಿಯತನಕ ಬಿಡಿ ಕೆಲಸ ಕೊಟ್ಟರೆ ಮನೆಯಿಂದ ಮಾಡಿಕೊಡುತ್ತೇನೆ. ಏಪ್ರಿಲ್‌ವರೆಗೆ ಹುದ್ದೆ ಖಾಲಿ ಇಡಲು ಕಂಪನಿ ಒಪ್ಪಲಿಲ್ಲ. ಬಿಡಿ ಕೆಲಸಕ್ಕೆ ಒಪ್ಪಿತು. ಐದು ನಿಮಿಷದ ಒಂದು ಪಾಠದ ಸ್ಟೋರಿಬೋರ್ಡಿಗೆ 8,000 ರೂಪಾಯಿ. ಇಂಥದ್ದಕ್ಕೆ ಒಪ್ಪುವ ಮೊದಲು ಶಾಲೆಯ ನೇಮಕಾತಿ ಆದೇಶದಲ್ಲಿ ಬೇರೆ ಸಂಭಾವನೆಯ ಕೆಲಸಕ್ಕೆ ನಿರ್ಬಂಧ ಇದೆಯೇ ಎಂದು ನೋಡಬೇಕು. ಈಕೆಯದರಲ್ಲಿ ಇರಲಿಲ್ಲ.

ಸ್ಟೋರಿಬೋರ್ಡ್ ಎಂದರೆ ಒಂದು ಕೋಷ್ಟಕ. ಪರದೆಯ ಸಂಖ್ಯೆ, ಪರದೆಯ ಮೇಲೆ ಕಾಣುವ ಪಠ್ಯ, ಕೇಳಿಸುವ ನಿರೂಪಣೆ, ಚಿತ್ರದ ಸೂಚನೆ, ಕಲಿಯುವವರು ಏನು ಒತ್ತಬೇಕು, ಒತ್ತಿದಾಗ ಏನು ಬರಬೇಕು. ಇದನ್ನು ನೋಡಿ ಇನ್ನೊಬ್ಬರು ತಂತ್ರಾಂಶದಲ್ಲಿ ಪಾಠ ಕಟ್ಟುತ್ತಾರೆ. ಮೊದಲು ಬಂದ ವಿಷಯ, ಬ್ಯಾಂಕಿನ ಕ್ಯಾಷಿಯರುಗಳಿಗೆ ಖೋಟಾ ನೋಟಿನ ಬಗ್ಗೆ ತರಬೇತಿ.

ಶಿಕ್ಷಕಿ ಬರೆದುಕೊಟ್ಟದ್ದು ಒಳ್ಳೆಯ ಪಾಠವೇ. ನೋಟಿನ ಇತಿಹಾಸದಿಂದ ಶುರು, ಆಮೇಲೆ ನೀರುಗುರುತು, ಭದ್ರತಾ ದಾರ, ಬಣ್ಣ ಬದಲಿಸುವ ಶಾಯಿ, ಕೊನೆಗೆ ಐದು ಪ್ರಶ್ನೆ. ಮೇಲೆ ಬರೆದ ಉದ್ದೇಶ: ‘ನೋಟಿನ ಭದ್ರತಾ ಲಕ್ಷಣಗಳನ್ನು ಅರ್ಥಮಾಡಿಕೊಳ್ಳುವುದು’. 31 ಗಂಟೆ ಹಿಡಿದಿತ್ತು. ವಾಪಸು ಬಂದಾಗ ಅಂಚಿನಲ್ಲಿ 41 ಟಿಪ್ಪಣಿ. ಫೋನಿನಲ್ಲಿ ವಿಮರ್ಶಕರು ಕೇಳಿದ್ದು ಒಂದೇ: “ಮೇಡಂ, ಎದುರಿಗೆ ಗ್ರಾಹಕ ನಿಂತಿದ್ದಾನೆ, ಕೈಯಲ್ಲಿ ಖೋಟಾ ನೋಟಿದೆ. ಈಗ ನಿಮ್ಮ ಕ್ಯಾಷಿಯರ್ ಏನು ಮಾಡ್ತಾನೆ ಹೇಳಿ. ಇದರಲ್ಲಿ ಅದು ಎಲ್ಲಿದೆ?”

ಇರಲಿಲ್ಲ. ಶಾಲೆಯ ಪಾಠ ವಿಷಯದಿಂದ ಹೊರಡುತ್ತದೆ, ಈ ಪಾಠ ಮಾಡಬೇಕಾದ ಕೆಲಸದಿಂದ ಹೊರಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಖೋಟಾ ಎಂದು ಗೊತ್ತಾದ ನೋಟನ್ನು ತಂದವರಿಗೆ ಹಿಂದಿರುಗಿಸುವಂತಿಲ್ಲ. ಅದರ ಮೇಲೆ ಖೋಟಾ ನೋಟೆಂದು ಮುದ್ರೆ ಒತ್ತಿ ವಶಕ್ಕೆ ತೆಗೆದುಕೊಳ್ಳಬೇಕು. ತಂದವರಿಗೆ ಸ್ವೀಕೃತಿ ಪತ್ರ ಕೊಡಬೇಕು, ಅವರು ಸಹಿ ಹಾಕಲು ಒಪ್ಪದಿದ್ದರೂ ಕೊಡಬೇಕು. ಒಂದೇ ವಹಿವಾಟಿನಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ, ಐದು ಅಥವಾ ಹೆಚ್ಚು ಸಿಕ್ಕರೆ ಎಫ್‌ಐಆರ್. ಪಾಠದಲ್ಲಿ ಬೇಕಾದದ್ದು ಈ ಕ್ರಮ, ಮತ್ತು ಗ್ರಾಹಕ ಕೂಗಾಡಿದಾಗ ಕ್ಯಾಷಿಯರ್ ಎಲ್ಲಿ ತಪ್ಪುತ್ತಾನೆ ಎಂಬುದು. ಉದ್ದೇಶವನ್ನು ಹೀಗೆ ತಿದ್ದಲಾಯಿತು: ‘ಖೋಟಾ ನೋಟು ಸಿಕ್ಕಾಗ ಅದನ್ನು ಹಿಂದಿರುಗಿಸದೆ, ಮುದ್ರೆ ಒತ್ತಿ, ಸ್ವೀಕೃತಿ ಕೊಡುವುದು’. ಕ್ಯಾಷಿಯರ್ ಅದನ್ನು ಮಾಡಿದನೋ ಇಲ್ಲವೋ ಎಂದು ನೋಡಿ ಹೇಳಬಹುದು. ‘ಅರ್ಥಮಾಡಿಕೊಂಡ’ ಎಂಬುದನ್ನು ನೋಡಲಾಗದು.

ಉಳಿದ ಟಿಪ್ಪಣಿಗಳೂ ಶಿಕ್ಷಕರ ಅಭ್ಯಾಸಗಳ ಪಟ್ಟಿಯಂತಿದ್ದವು. ನಿರೂಪಣೆ 1,480 ಇಂಗ್ಲಿಷ್ ಪದ ಇತ್ತು. ನಿಮಿಷಕ್ಕೆ ಸುಮಾರು 130 ಪದದ ಲೆಕ್ಕದಲ್ಲಿ ಐದು ನಿಮಿಷಕ್ಕೆ 650 ಸಾಕು. ಪರದೆಯ ಮೇಲಿದ್ದ ವಾಕ್ಯವನ್ನೇ ಧ್ವನಿಯೂ ಓದುತ್ತಿತ್ತು, ಕರಿಹಲಗೆಯ ಮೇಲೆ ಬರೆಯುತ್ತ ಜೋರಾಗಿ ಹೇಳುವ ಹಾಗೆ. ಪ್ರಶ್ನೆಗಳಲ್ಲಿ ಮೂರಕ್ಕೆ ನಾಲ್ಕನೇ ಆಯ್ಕೆ ‘ಮೇಲಿನ ಎಲ್ಲವೂ’. ತಪ್ಪು ಉತ್ತರಕ್ಕೆ ಬಂದ ಪ್ರತಿಕ್ರಿಯೆ ‘ತಪ್ಪು, ಮತ್ತೆ ಪ್ರಯತ್ನಿಸಿ’. ಅದರ ಬದಲು, ನೋಟು ಹಿಂದಿರುಗಿಸುವ ಆಯ್ಕೆ ಒತ್ತಿದವನಿಗೆ ಆ ನೋಟು ಮತ್ತೆ ಪೇಟೆಗೆ ಹೋಗುತ್ತದೆ, ಹೊಣೆ ಬ್ಯಾಂಕಿನ ಮೇಲೆ ಬರುತ್ತದೆ ಎಂದು ಅಲ್ಲೇ ತೋರಿಸಬೇಕಿತ್ತು.

ಎಂಟು ವರ್ಷದ ಅನುಭವ ಎಲ್ಲೂ ಕೆಲಸಕ್ಕೆ ಬರಲಿಲ್ಲವೇ ಎಂದರೆ, ಬಂತು. ತಪ್ಪು ಆಯ್ಕೆಗಳನ್ನು ಬರೆಯುವುದರಲ್ಲಿ. ಮಕ್ಕಳು ಎಲ್ಲಿ, ಯಾಕೆ ಎಡವುತ್ತಾರೆ ಎಂದು ಉತ್ತರಪತ್ರಿಕೆ ತಿದ್ದಿ ತಿದ್ದಿ ಗೊತ್ತಿದ್ದವರಿಗೆ ‘ಸರಿ ಇರಬಹುದು’ ಅನ್ನಿಸುವ ತಪ್ಪು ಉತ್ತರ ತಾನಾಗಿ ಬರುತ್ತದೆ. ಕಾಲೇಜಿನಿಂದ ನೇರ ಬಂದ ಬರಹಗಾರರು ಹೆಣಗಾಡುವುದು ಅಲ್ಲೇ. ಇಂಗ್ಲಿಷ್ ಬರವಣಿಗೆ ಮಾತ್ರ ಕೊನೆಯವರೆಗೂ ತೊಡಕಾಗಿಯೇ ಉಳಿಯಿತು. ಮಾತನಾಡುವ ಇಂಗ್ಲಿಷ್ ಸರಿಯಿದ್ದರೂ ಬರೆಯುವಾಗ ಗೈಡ್ ಪುಸ್ತಕದ ಭಾಷೆ ಇಣುಕುತ್ತಿತ್ತು. ಮದ್ದು ಎಂದರೆ ಬರೆದದ್ದನ್ನು ಗಟ್ಟಿಯಾಗಿ ಓದಿ, ಉಸಿರು ಕಟ್ಟಿದಲ್ಲಿ ವಾಕ್ಯ ಮುರಿಯುವುದು.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾಲ್ಕು ಪಾಠ ಆದವು. ಗಂಟೆಗಳು 31, 22, 13, 14. ಟಿಪ್ಪಣಿಗಳು 41, 26, 11, 9. ಇಡೀ ಪ್ರಕರಣದಲ್ಲಿ ನಿರ್ಧಾರಕ್ಕೆ ನಿಜವಾಗಿ ಆಧಾರವಾದದ್ದು ಈ ಎರಡು ಸಾಲು ಅಂಕಿ. ಮೂರನೇ ಪಾಠದ ಹೊತ್ತಿಗೂ ಟಿಪ್ಪಣಿ ಮೂವತ್ತರ ಮೇಲೇ ಇದ್ದಿದ್ದರೆ ಊರು ಬಿಡುವ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಖರ್ಚು ಮಾತ್ರ ಏನೂ ಆಗಿರುತ್ತಿರಲಿಲ್ಲ. ಇದೇ ಹೊತ್ತಿಗೆ 70 ಸಾವಿರದ ಕೋರ್ಸೊಂದಕ್ಕೆ ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ದಿನಕ್ಕೆರಡು ಫೋನು ಬರುತ್ತಿತ್ತು. ಆ 41 ಟಿಪ್ಪಣಿಯಲ್ಲಿ ಕಲಿತದ್ದನ್ನು ಅಲ್ಲಿ ಕಲಿಸುತ್ತಿರಲಿಲ್ಲ ಎನ್ನಲು ಅವರ ಪಠ್ಯಕ್ರಮ ನೋಡಿದರೆ ಸಾಕಿತ್ತು: ಹತ್ತು ವಾರದಲ್ಲಿ ಎಂಟು ವಾರ ತಂತ್ರಾಂಶದ ಬಟನ್ನುಗಳು.

ಏಪ್ರಿಲ್‌ವರೆಗೆ ಕಾದದ್ದಕ್ಕೆ ಮಕ್ಕಳ ಮೇಲಿನ ಕಾಳಜಿಯಲ್ಲದೆ ಬೇರೆ ಕಾರಣವೂ ಇತ್ತು. ಐದು ವರ್ಷ ಸೇವೆಯಾದ ಖಾಸಗಿ ಶಾಲಾ ಶಿಕ್ಷಕರಿಗೆ ಗ್ರಾಚ್ಯುಟಿ ಹಕ್ಕು. 2009ರ ತಿದ್ದುಪಡಿ ಶಿಕ್ಷಕರನ್ನು ಕಾಯ್ದೆಯೊಳಗೆ ತಂದಿತು, 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೀಗಿದ್ದೂ ‘ನಮ್ಮಲ್ಲಿ ಅದೆಲ್ಲ ಇಲ್ಲ’ ಎನ್ನುವ ಆಡಳಿತ ಮಂಡಳಿಗಳು ಬೇಕಾದಷ್ಟಿವೆ. ಕೊನೆಯ ಮೂಲ ವೇತನ ಮತ್ತು ಡಿ.ಎ. ಸೇರಿ 15,000 ಎಂದಾದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷದ ಮೊತ್ತ. ಆರು ತಿಂಗಳು ಮೀರಿದ ಉಳಿಕೆ ಪೂರ್ತಿ ವರ್ಷವೆಂದು ಲೆಕ್ಕ. ನವೆಂಬರ್‌ನಲ್ಲಿ ಬಿಟ್ಟಿದ್ದರೆ ಸೇವೆ 8 ವರ್ಷ 5 ತಿಂಗಳು, ಅಂದರೆ 8 ವರ್ಷ, 69,231 ರೂಪಾಯಿ. ಏಪ್ರಿಲ್‌ನಲ್ಲಿ 8 ವರ್ಷ 10 ತಿಂಗಳು, ಅಂದರೆ 9 ವರ್ಷ, 77,885. ಬರಿಯ ತಾರೀಖಿನಿಂದ ಎಂಟೂವರೆ ಸಾವಿರದ ವ್ಯತ್ಯಾಸ.

ನೇಮಕಾತಿ ಆದೇಶದಲ್ಲಿ ಮೂರು ತಿಂಗಳ ನೋಟಿಸ್ ಇತ್ತು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ. ಶಾಲೆಯ ಕೊನೆಯ ದಿನ ಏಪ್ರಿಲ್ 10. ಹಾಗಾಗಿ ರಾಜೀನಾಮೆ ಪತ್ರ ಜನವರಿ 9ಕ್ಕೆ ಹೋಯಿತು, ಎರಡು ಪ್ರತಿ, ಒಂದಕ್ಕೆ ಕಚೇರಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಂಡು. ಆಗ ಕೈಯಲ್ಲಿ ಹೊಸ ಆಫರ್ ಇರಲಿಲ್ಲ, ಮುಗಿಸಿದ ಒಂದೂವರೆ ಪಾಠ ಇತ್ತು ಅಷ್ಟೇ. ಈ ಪ್ರಕರಣದ ಅತ್ಯಂತ ದುರ್ಬಲ ಕೊಂಡಿ ಇದು. ಆದರೆ ಲೆಕ್ಕವಿಲ್ಲದ ಧೈರ್ಯವಾಗಿರಲಿಲ್ಲ: ಖಾಸಗಿ ಶಾಲೆಗಳು ವಿಜ್ಞಾನಕ್ಕೆ ಹೊಸಬರನ್ನು ತೆಗೆದುಕೊಳ್ಳುವುದೇ ಏಪ್ರಿಲ್–ಮೇನಲ್ಲಿ. ಬೆಂಗಳೂರು ಕೈಕೊಟ್ಟರೂ ಜೂನ್‌ಗೆ ಊರಲ್ಲೇ ಇನ್ನೊಂದು ಶಾಲೆ ಸಿಗುವ ಸಾಧ್ಯತೆ ಇತ್ತು. ನಡುವರ್ಷದಲ್ಲಿ ಬಿಟ್ಟವರಿಗೆ ಆ ಬಾಗಿಲು ಇರುವುದಿಲ್ಲ.

ಎಡವಿದ್ದು ಕಾಗದಪತ್ರದಲ್ಲಿ. ಸೇರುವಾಗ ಶಾಲೆ ಬಿ.ಎಡ್. ಮತ್ತು ಪದವಿಯ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಂಡಿತ್ತು. ‘ಏಪ್ರಿಲ್ ಆಗಲಿ ನೋಡೋಣ’ ಎಂಬ ಬಾಯಿಮಾತಿನ ಉತ್ತರ ಮೂರು ಸಲ ಬಂದ ಮೇಲೆ, ಯಾವ ಯಾವ ಪ್ರಮಾಣಪತ್ರ, ಯಾವಾಗ ಕೊಟ್ಟದ್ದು ಎಂದು ಬರೆದ ಪತ್ರವೊಂದನ್ನು ಅಧ್ಯಕ್ಷರ ಹೆಸರಿಗೆ ಕೊಟ್ಟು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಎಂದು ಕೆಳಗೆ ನಮೂದಿಸಲಾಯಿತು. ಹನ್ನೊಂದನೇ ದಿನಕ್ಕೆ ಪ್ರಮಾಣಪತ್ರಗಳು ಬಂದವು. ಗ್ರಾಚ್ಯುಟಿಗೂ ಇದೇ ದಾರಿ: ಲಿಖಿತ ಅರ್ಜಿ, ಸ್ವೀಕೃತಿ, ಅದಾಗಲಿಲ್ಲವೆಂದರೆ ಕಾರ್ಮಿಕ ಇಲಾಖೆ. ಅದು ಬಂದದ್ದು ಜುಲೈನಲ್ಲಿ, ಎರಡು ಕಂತಿನಲ್ಲಿ.

ಇನ್ನೊಂದು ತೊಡಕು ಯಾರೂ ನಿರೀಕ್ಷಿಸಿರಲಿಲ್ಲ. ಶಾಲೆಗೆ ಸೇರಿದ್ದು 2016ರ ಜೂನ್, ಪಿಎಫ್ ಕಟ್ಟಲು ಶುರುವಾದದ್ದು 2018ರ ಏಪ್ರಿಲ್. ಹೊಸ ಕಂಪನಿಗಳು ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್‌ನ ಯುಎಎನ್ ದಾಖಲೆಯನ್ನೂ ಅನುಭವ ಪತ್ರವನ್ನೂ ತಾಳೆ ನೋಡುತ್ತವೆ. ಎರಡರ ನಡುವೆ 22 ತಿಂಗಳ ಅಂತರ ಕಂಡರೆ ಸುಳ್ಳು ಅನುಭವ ಎಂಬ ಗುಮಾನಿ ಬರುತ್ತದೆ. ಇಲ್ಲಿ ಕಾಪಾಡಿದ್ದು 2016ರ ನೇಮಕಾತಿ ಆದೇಶ ಮತ್ತು ಆ ವರ್ಷಗಳ ಬ್ಯಾಂಕ್ ಪಾಸ್‌ಬುಕ್. ನಗದಿನಲ್ಲಿ ಸಂಬಳ ಪಡೆದವರಿಗೆ ಆ ದಾಖಲೆಯೂ ಇರುವುದಿಲ್ಲ. ಅಂಥವರು ಅನುಭವ ಪತ್ರದಲ್ಲೇ ಸೇರಿದ ದಿನ, ಬಿಟ್ಟ ದಿನ, ಪಾಠ ಮಾಡಿದ ತರಗತಿಗಳನ್ನು ಬರೆಸಿಕೊಳ್ಳಬೇಕು. ಬರೀ ‘ನಮ್ಮಲ್ಲಿ ಕೆಲಸ ಮಾಡಿದ್ದಾರೆ, ನಡತೆ ಉತ್ತಮ’ ಎಂಬುದು ಸಾಲದು.

ಫೆಬ್ರುವರಿ ಕೊನೆಯಲ್ಲಿ, ಮೂರನೇ ಪಾಠದ ನಂತರ, ಅದೇ ಕಂಪನಿ ಮತ್ತೆ ಕರೆಯಿತು. ಈ ಸಲ ಮಾತುಕತೆ ಬೇರೆಯೇ ಆಗಿತ್ತು, ಏಕೆಂದರೆ ಅವರ ಬಳಿಯೂ ಟಿಪ್ಪಣಿಗಳ ಎಣಿಕೆ ಇತ್ತು. ಸಿಟಿಸಿ 7.2 ಲಕ್ಷ, ಅದೇ ಶೇ 10 ವೇರಿಯಬಲ್, ಮೂಲ ವೇತನ 30 ಸಾವಿರ. ಕೈಗೆ ಸುಮಾರು 48,150. ನವೆಂಬರ್‌ನಲ್ಲಿ ಬರೆದಿಟ್ಟಿದ್ದ 47,800ಕ್ಕೆ ಕೂದಲೆಳೆಯಷ್ಟು ಮೇಲೆ. ಇನ್ನೂ ಹೆಚ್ಚು ಸಂಬಳ ಕೇಳುವ ಬದಲು ಕೇಳಿದ್ದು ಒಂದು ಷರತ್ತು: ಆರು ತಿಂಗಳ ಪ್ರೊಬೇಷನ್ ಮುಗಿದ ಮೇಲೆ ತಿಂಗಳಲ್ಲಿ ಎರಡು ವಾರ ಸಾಗರದಿಂದಲೇ ಕೆಲಸ. ‘ಅದೇನು ಬಿಡಿ, ನಮ್ಮಲ್ಲಿ ಎಲ್ಲರಿಗೂ ಕೊಡ್ತೀವಿ’ ಎಂದರು ಎಚ್‌ಆರ್. ಎಲ್ಲರಿಗೂ ಕೊಡುವುದನ್ನು ಆಫರ್ ಪತ್ರದಲ್ಲಿ ಒಂದು ಸಾಲು ಬರೆಯಲು ತೊಂದರೆ ಇರಲಾರದು ಎಂದು ಇಮೇಲ್ ಹೋಯಿತು. ನಾಲ್ಕು ದಿನದ ನಂತರ ಆ ಸಾಲು ಬಂತು. ಬಾಂಡ್ ಇರಲಿಲ್ಲ. ಪ್ರೊಬೇಷನ್‌ನಲ್ಲಿ ನೋಟಿಸ್ 30 ದಿನ, ನಂತರ 60.

ಮನೆಯಲ್ಲಿ ಆಕ್ಷೇಪ ಬಂದದ್ದು ನಿರೀಕ್ಷಿಸಿದ ಕಡೆಯಿಂದಲ್ಲ. ಅತ್ತೆ ಕೇಳಿದ್ದು, “ಹೋಗು, ಬೇಡ ಅನ್ನೋದಿಲ್ಲ. ಆದ್ರೆ ಎಷ್ಟು ದಿನ ಅಂತ ಹೇಳಿ ಹೋಗು. ಮಗೂಗೆ ನಾನೇನು ಹೇಳ್ಲಿ?” ಅದಕ್ಕೆ ಉತ್ತರವಾಗಿ ಒಂದು ತಾರೀಖು ಗೊತ್ತುಮಾಡಲಾಯಿತು, ಪ್ರೊಬೇಷನ್ ಮುಗಿಯುವ ಅಕ್ಟೋಬರ್ ಕೊನೆ. ಆ ಹೊತ್ತಿಗೆ ಕೆಲಸ ಖಾಯಂ ಆಗಿರಬೇಕು, ಎರಡು ವಾರದ ಮಾತು ಜಾರಿಗೆ ಬಂದಿರಬೇಕು. ಎರಡರಲ್ಲಿ ಒಂದು ತಪ್ಪಿದರೂ 2026ರ ಜೂನ್‌ಗೆ ಶಾಲೆಗೆ ವಾಪಸು. ಟಿಇಟಿ ಪಾಸಾದ ಪ್ರಮಾಣಪತ್ರಕ್ಕೆ ಈಗ ಜೀವನಪರ್ಯಂತ ಮಾನ್ಯತೆ ಇರುವುದರಿಂದ ಆ ಅರ್ಹತೆ ಹಳತಾಗುವ ಭಯವಿರಲಿಲ್ಲ.

ಏಪ್ರಿಲ್ 21, ಸೋಮವಾರ ಕೆಲಸಕ್ಕೆ ಸೇರಿದ್ದಾಯಿತು. ಮೊದಲ ದಿನ ತುಂಬಿಸುವ ಹತ್ತಾರು ಕಾಗದಗಳಲ್ಲಿ ಗಮನ ಕೊಡಬೇಕಾದದ್ದು ಪಿಎಫ್‌ನ ಫಾರ್ಮ್ 11. ಹಿಂದೆ ಪಿಂಚಣಿ ಯೋಜನೆಯ, ಅಂದರೆ ಇಪಿಎಸ್ 1995ರ ಸದಸ್ಯರಾಗಿದ್ದಿರಾ ಎಂಬ ಪ್ರಶ್ನೆ ಅದರಲ್ಲಿದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರುವವರ ವೇತನ 15 ಸಾವಿರಕ್ಕಿಂತ ಜಾಸ್ತಿ ಇದ್ದರೆ ಅವರಿಗೆ ಇಪಿಎಸ್ ಇಲ್ಲ. ಆದರೆ ಮೊದಲೇ ಸದಸ್ಯರಾಗಿದ್ದವರಿಗೆ ವೇತನ ಏರಿದರೂ ಸದಸ್ಯತ್ವ ಮುಂದುವರಿಯುತ್ತದೆ. ಈಕೆ ‘ಹೌದು’ ಎಂದೇ ಬರೆದಿದ್ದರು. ಕಂಪನಿಯವರು ಮೂಲ ವೇತನ 30 ಸಾವಿರ ನೋಡಿ ಹೊಸಬರ ಪಟ್ಟಿಗೆ ಹಾಕಿದರು.

ಗೊತ್ತಾದದ್ದು ಜುಲೈನಲ್ಲಿ, ಪಿಎಫ್ ಪಾಸ್‌ಬುಕ್ ತೆರೆದಾಗ. ಪ್ರತಿ ತಿಂಗಳ ಸಾಲಿನಲ್ಲಿ ನೌಕರರ ಪಾಲು, ಕಂಪನಿಯ ಪಾಲು, ಪಿಂಚಣಿ ಎಂದು ಮೂರು ಅಂಕಣ. ಪಿಂಚಣಿ ಅಂಕಣದಲ್ಲಿ 1,250 ಇರಬೇಕಿತ್ತು, 0 ಇತ್ತು. ದುಡ್ಡು ಎಲ್ಲೂ ಹೋಗಿರುವುದಿಲ್ಲ, ಪಿಎಫ್ ಖಾತೆಗೇ ಬಿದ್ದಿರುತ್ತದೆ. ಹಾಗಾಗಿಯೇ ಯಾರೂ ಗಮನಿಸುವುದಿಲ್ಲ. ಆದರೆ ಆ ತಿಂಗಳುಗಳು ಪಿಂಚಣಿಯ ಸೇವಾವಧಿಗೆ ಸೇರುವುದಿಲ್ಲ. ಪಿಂಚಣಿಗೆ ಹತ್ತು ವರ್ಷ ಬೇಕು. ಶಾಲೆಯಿಂದ ಬಂದದ್ದು ಏಳು. ಮೂರು ವರ್ಷಕ್ಕೆ ಏನು ಮಹಾ ಎಂದರೆ, ಹತ್ತು ವರ್ಷಕ್ಕೆ 15,000 ಗುಣಿಸು 10 ಭಾಗಿಸು 70, ಅಂದರೆ 58ರ ನಂತರ ತಿಂಗಳಿಗೆ 2,143. ದೊಡ್ಡ ಮೊತ್ತವಲ್ಲ, ಅತ್ತೆಯ ತಿಂಗಳ ಔಷಧಿಗೆ ಸರಿಹೋಗುವಷ್ಟು. ಕೆಲಸ ಬಿಟ್ಟಾಗ ಹಳೆಯ ಪಿಎಫ್ ಜೊತೆ ಪಿಂಚಣಿಯ ಹಣವನ್ನೂ ಹಿಂತೆಗೆದುಕೊಂಡವರು ಈ ಏಳು ವರ್ಷವನ್ನೇ ಕಳೆದುಕೊಳ್ಳುತ್ತಾರೆ. ಇಲ್ಲಿ ಹಿಂತೆಗೆಯದೆ ವರ್ಗಾಯಿಸಲಾಯಿತು. ಅದಕ್ಕೆ ಶಾಲೆ ‘ಬಿಟ್ಟ ದಿನ’ ನಮೂದಿಸಬೇಕಿತ್ತು, ನಮೂದಿಸಲಿಲ್ಲ. ಎರಡು ತಿಂಗಳು ಕಾದು ಪೋರ್ಟಲ್‌ನ Mark Exit ನಲ್ಲಿ ತಾವೇ ಹಾಕಿಕೊಂಡರು.

ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾಯಿತು. ಪಿಜಿಯನ್ನು ಜಯನಗರದ ಕಡೆಗೆ ಬದಲಿಸಬಹುದೇ ಎಂಬ ಯೋಚನೆ ಬಂದು, ಮೆಟ್ರೊ ದರ ಕೂಡಿಸಿದ ಮೇಲೆ ಹೋಯಿತು. ಅದೇ ತಿಂಗಳು ಊರಿನಲ್ಲಿ ಮನೆಗೆಲಸದವರು ಬಿಟ್ಟುಹೋದರು. ಗಂಡ ಮಧ್ಯಾಹ್ನ ಮೂರೂವರೆಗೆ ಅಂಗಡಿ ಮುಚ್ಚಿ ಮಗಳನ್ನು ಕರೆತರುತ್ತಿದ್ದರು. ಆ ಒಂದೂವರೆ ಗಂಟೆಯಲ್ಲಿ ತಪ್ಪಿದ ಗಿರಾಕಿಗಳು ನವೆಂಬರ್‌ನ ಯಾವ ಲೆಕ್ಕದಲ್ಲೂ ಇರಲಿಲ್ಲ. ಹೊಸಬರು ಸಿಕ್ಕಿದ್ದು ಐದು ವಾರದ ನಂತರ, 4,500ಕ್ಕಲ್ಲ, 6,000ಕ್ಕೆ. ಸಮಸಮ ಎಂದುಕೊಂಡಿದ್ದ ಲೆಕ್ಕ ಮತ್ತೆ ಸಾವಿರ ರೂಪಾಯಿ ಕೆಳಗೆ.

ಅಕ್ಟೋಬರ್ 24ಕ್ಕೆ ಖಾಯಂ ಪತ್ರ ಬಂತು. ಎರಡು ವಾರದ ಮಾತನ್ನು ಹೊಸ ಮ್ಯಾನೇಜರ್ ‘ಪ್ರಾಜೆಕ್ಟ್ ನೋಡಿಕೊಂಡು’ ಎಂದು ತಳ್ಳಲು ನೋಡಿದರು. ಆಫರ್ ಪತ್ರದ ಆ ಒಂದು ಸಾಲನ್ನು ಲಗತ್ತಿಸಿದ ಇಮೇಲ್‌ಗೆ ಮರುದಿನ ಒಪ್ಪಿಗೆ ಬಂತು. ಪಿಂಚಣಿ ಅಂಕಣದಲ್ಲಿ 1,250 ಸೆಪ್ಟೆಂಬರ್‌ನಿಂದ ಕಾಣುತ್ತಿದೆ, ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಐದು ತಿಂಗಳ ತಿದ್ದುಪಡಿ ಅರ್ಜಿ ಇನ್ನೂ ಕಂಪನಿಯ ಪಿಎಫ್ ಗುಮಾಸ್ತರ ಮೇಜಿನ ಮೇಲಿದೆ.